ಚೈನೀಸ್ ಪೇಪರ್ ಕೈಗೆ ಬಂದಾಗ ಮೊದಲು ನೋಡ್ಬೇಕಾದ್ದು: ಬರೆದವ್ರು ಮೇನ್‌ಲ್ಯಾಂಡಿನವ್ರಾ, ತೈವಾನಿನವ್ರಾ?

ಮ್ಯಾಂಡರಿನ್ ಕಲಿತಿರೋ ನಮ್ಮ ಕಡೆಯವ್ರು ಬಹಳಷ್ಟು ಜನ ಮೇನ್‌ಲ್ಯಾಂಡ್, ಅಂದ್ರೆ ಚೀನಾ ದೇಶದ, ಪುಸ್ತಕದಿಂದಾನೇ ಕಲಿತಿರ್ತಾರೆ, ನಾನೂ ಹಾಗೇ ಕಲಿತಿದ್ದು. ಆದ್ರೆ ಬೆಂಗಳೂರಿನ ಸುತ್ತಮುತ್ತ ಅನುವಾದದ ಕೆಲಸ ಅಂತ ಬರೋದ್ರಲ್ಲಿ ತೈವಾನಿನ ಪಾಲು ದೊಡ್ಡದು. ದೇವನಹಳ್ಳಿ ಹತ್ರದ ಫಾಕ್ಸ್‌ಕಾನ್ ತೈವಾನ್ ಕಂಪನಿ, ಕೋಲಾರದ ನರಸಾಪುರದಲ್ಲಿ 2023ರಲ್ಲಿ ಟಾಟಾ ತಗೊಂಡ ಪ್ಲಾಂಟ್ ಅದಕ್ಕೂ ಮುಂಚೆ ತೈವಾನಿನ ವಿಸ್ಟ್ರಾನ್‌ದು. ಇಂಥ ಕಡೆಗೆ ಮಷೀನ್ ಕೊಡೋರು, ಪಾರ್ಟನ್ನ ಅಲ್ಲಾಡದ ಹಾಗೆ ಹಿಡಿದಿಡೋ ಜಿಗ್ ಮಾಡೋರು, ಟ್ರೈನಿಂಗ್‌ಗೆ ಬರೋರು ಎರಡೂ ಕಡೆಯಿಂದ ಬರ್ತಾರೆ, ಅವ್ರು ಕಳಿಸೋ ಪೇಪರ್‌ಗಳೂ ಎರಡೂ ಥರ ಇರ್ತವೆ. ವ್ಯಾಕರಣ ಹೆಚ್ಚುಕಮ್ಮಿ ಒಂದೇ, ಪದಗಳೂ ಬಹಳಷ್ಟು ಒಂದೇ, ಅದಕ್ಕೇ ನಾವು ನಂಬಿ ಮೋಸ ಹೋಗೋದು.

ಗೊತ್ತಿಲ್ಲದ ಪದ ಬಂದ್ರೆ ಅಪಾಯ ಏನಿಲ್ಲ, ಡಿಕ್ಷನರಿ ತೆಗೀತೀವಿ, ಮುಗೀತು. ಗೊತ್ತಿರೋ ಪದ ಆ ಕಡೆ ಒಂದು ಅರ್ಥ, ಈ ಕಡೆ ಇನ್ನೊಂದು ಅರ್ಥ ಕೊಟ್ಟಾಗ ಮಾತ್ರ ಅನುವಾದ ಸದ್ದಿಲ್ದೆ ತಪ್ಪಾಗತ್ತೆ, ಓದಿದ್ರೆ ಸರಿಯಾಗೇ ಕಾಣ್ಸತ್ತೆ, ಕೆಲಸ ಕೆಟ್ಟಾಗ್ಲೇ ಗೊತ್ತಾಗೋದು. ಈ ಲೇಖನ ಅದರ ಬಗ್ಗೆ.

ನನಗೆ ಬಿದ್ದ ಪೆಟ್ಟು

ಒಂದು ಫ್ಯಾಕ್ಟರಿಗೆ ಆಪರೇಟರ್‌ಗಳು ಓದೋಕೆ ಸೂಚನೆಗಳನ್ನ ಕನ್ನಡಕ್ಕೆ ಮಾಡ್ಕೊಡ್ತಿದ್ದೆ. ಬಂದ ಫೈಲು ಸರಳೀಕೃತ ಲಿಪಿಯಲ್ಲಿತ್ತು, ಅಂದ್ರೆ ಮೇನ್‌ಲ್ಯಾಂಡಿನಲ್ಲಿ ಬಳಸೋ ಅಕ್ಷರಗಳು, ಹಾಗಾಗಿ ಮೇನ್‌ಲ್ಯಾಂಡಿಂದು ಅಂದ್ಕೊಂಡೇ ಕೂತೆ. ಅದರಲ್ಲಿದ್ದಂಥದ್ದೇ ಒಂದು ವಾಕ್ಯ ಇಲ್ಲಿ ಕೊಡ್ತೀನಿ:

请于113年5月20日前删除检查表第3列，将间隙调整为5条，并用螺丝起子锁紧治具。

ನಾನು ಮೇನ್‌ಲ್ಯಾಂಡ್ ಕಣ್ಣಲ್ಲಿ ಓದಿದ್ದು ಹೀಗೆ: ಚೆಕ್ ಶೀಟಿನ 3ನೇ ಕಾಲಮ್ ಡಿಲೀಟ್ ಮಾಡಿ, ಗ್ಯಾಪ್ ಅಡ್ಜಸ್ಟ್ ಮಾಡಿ 5 ಏನೋ ಒಂದು ಮಾಡಿ. 113 ಅನ್ನೋದು ಟೈಪಿಂಗ್ ತಪ್ಪಿರ್ಬೇಕು ಅಂದ್ಕೊಂಡೆ. 5条 ಅಂದ್ರೇನು ಅಂತ ಕೇಳಿ ಮೇಲ್ ಹಾಕಿದೆ, ಆದ್ರೆ 列 ಬಗ್ಗೆ ಕೇಳ್ಲೇ ಇಲ್ಲ, ಯಾಕಂದ್ರೆ ಅದು ನನಗೆ "ಗೊತ್ತಿತ್ತು". ಲೈನಿನಲ್ಲಿ ಅದೇ ಪ್ರಕಾರ 3ನೇ ಕಾಲಮ್ ತೆಗೆದ್ಹಾಕಿದ್ರು. ಆ ಕಾಲಮಿನಲ್ಲಿದ್ದದ್ದು ಟಾಲರೆನ್ಸ್, ಅಂದ್ರೆ ಪ್ರತಿಯೊಂದು ಅಳತೆಗೂ ಎಷ್ಟು ಹೆಚ್ಚುಕಮ್ಮಿ ಇದ್ರೆ ಪಾಸು ಅನ್ನೋ ಅಂಕಿ. ಒಂದು ಶಿಫ್ಟ್ ಪೂರ್ತಿ ಪಾಸು-ಫೇಲು ಯಾವುದು ಅಂತ ನೋಡೋಕೆ ಶೀಟಲ್ಲಿ ಆಧಾರಾನೇ ಇಲ್ದೆ ಕೆಲಸ ನಡೀತು, ಆಮೇಲೆ ಎಲ್ಲಾ ಪೀಸನ್ನೂ ಮತ್ತೆ ಅಳತೆ ಹಾಕ್ಬೇಕಾಯ್ತು.

ಆಮೇಲೆ ಗೊತ್ತಾಗಿದ್ದು, ಮೂಲ ಬರೆದವ್ರು ತೈವಾನ್ ಎಂಜಿನಿಯರ್, ಅವ್ರು ಬರೆದದ್ದು ಸಾಂಪ್ರದಾಯಿಕ ಲಿಪೀಲಿ, ನಡುವೆ ಮೇನ್‌ಲ್ಯಾಂಡಿನಲ್ಲಿರೋ ಇನ್ನೊಂದು ಆಫೀಸಲ್ಲಿ ಯಾರೋ ಓದೋಕೆ ಸುಲಭ ಆಗ್ಲಿ ಅಂತ ಒಂದು ಕ್ಲಿಕ್ಕಲ್ಲಿ ಸರಳೀಕೃತಕ್ಕೆ ಬದಲಾಯಿಸಿದ್ರು. ಅಕ್ಷರ ಬದಲಾಯ್ತು, ಪದ ಬದಲಾಗ್ಲಿಲ್ಲ. ಅಲ್ಲಿಂದ ಮುಂದೆ ನಾನು ಕೆಲಸ ಮಾಡೋ ಕ್ರಮಾನೇ ಬದಲಾಯ್ಸ್ಕೊಂಡೆ, ಆ ಕ್ರಮ ಕೆಳಗಿದೆ.

ಹೆಜ್ಜೆ 1: ಲಿಪಿ ನೋಡಿ ತೀರ್ಮಾನ ಮಾಡ್ಬೇಡಿ

ಸರಳೀಕೃತ ಅಕ್ಷರ ಅಂದ್ರೆ ಮೇನ್‌ಲ್ಯಾಂಡ್, ಸಾಂಪ್ರದಾಯಿಕ ಅಕ್ಷರ ಅಂದ್ರೆ ತೈವಾನ್ ಅಂತ ಎಲ್ಲರೂ ಹೇಳ್ತಾರೆ, ಮೊದಲ ಅಂದಾಜಿಗೆ ಸರಿ, ಅದರಾಚೆ ನಂಬಬಾರ್ದು. ಸಿಂಗಾಪುರದವ್ರೂ ಸರಳೀಕೃತ ಬರೀತಾರೆ, ಹಾಂಗ್‌ಕಾಂಗಿನವ್ರೂ ಸಾಂಪ್ರದಾಯಿಕ ಬರೀತಾರೆ ಆದ್ರೆ ಅವರ ಪದಗಳೇ ಬೇರೆ. ಮೇಲೆ ಹೇಳಿದ ಹಾಗೆ ಫೈಲ್ ಯಾರ ಯಾರ ಕೈ ದಾಟಿ ಬಂದಿದೆ ಅನ್ನೋದು ಲಿಪೀಲಿ ಕಾಣ್ಸಲ್ಲ.

ಕಂಪ್ಯೂಟರ್ ಕೋಡುಗಳಲ್ಲೂ ಇದೇ ಗೊಂದಲ. zh-Hans ಮತ್ತು zh-Hant ಅಂದ್ರೆ ಬರೀ ಲಿಪಿ, ಸರಳೀಕೃತ ಅಥವಾ ಸಾಂಪ್ರದಾಯಿಕ ಅಂತಷ್ಟೇ. zh-CN ಮತ್ತು zh-TW ಅಂದ್ರೆ ಜಾಗ. ಕ್ಲೈಂಟ್ ಮೇಲಲ್ಲಿ zh-Hant ಬೇಕು ಅಂತ ಬರೆದಿದ್ರೆ ಅದು ತೈವಾನಿಗಾ ಹಾಂಗ್‌ಕಾಂಗಿಗಾ ಅಂತ ಕೇಳ್ಲೇಬೇಕು. ನಾನು ಕೆಲಸ ಹಿಡಿಯೋಕೆ ಮುಂಚೆ ಎರಡೇ ಪ್ರಶ್ನೆ ಕೇಳ್ತೀನಿ: ಇದನ್ನ ಮೊದಲು ಬರೆದವ್ರು ಯಾವ ಊರಿನ ಆಫೀಸಲ್ಲಿ ಕೂತಿದ್ರು, ಮತ್ತೆ ಮಧ್ಯದಲ್ಲಿ ಲಿಪಿ ಬದಲಾಯಿಸಿದ್ದಾರಾ. ಎರಡನೇ ಪ್ರಶ್ನೆಗೆ ಬಹಳ ಸಲ ಉತ್ತರ ಸಿಗಲ್ಲ, ಆಗ ಹೆಜ್ಜೆ 2.

ಹೆಜ್ಜೆ 2: ಪದ ನೋಡಿ ಊರು ಗುರುತಿಸಿ

ಅನುವಾದ ಶುರು ಮಾಡೋಕೆ ಮುಂಚೆ ಪೂರ್ತಿ ಫೈಲಲ್ಲಿ ಕೆಲವು ಪದಗಳನ್ನ ಸರ್ಚ್ ಹೊಡೀರಿ, ಐದು ನಿಮಿಷದ ಕೆಲಸ. ಯಾವ ಪದ ಹುಡುಕ್ಬೇಕು ಅನ್ನೋದಕ್ಕೆ ಕಾರಣ ಗೊತ್ತಿದ್ರೆ ಒಳ್ಳೇದು. 1949ರಲ್ಲಿ ಎರಡೂ ಕಡೆ ಸರ್ಕಾರ ಬೇರೆ ಬೇರೆ ಆಯ್ತು, ಓಡಾಟ ನಿಂತೋಯ್ತು, ಅದಾದ್ಮೇಲೆ ಹುಟ್ಟಿದ ವಸ್ತುಗಳಿಗೆ, ಅದರಲ್ಲೂ ಕಂಪ್ಯೂಟರ್ ಎಲೆಕ್ಟ್ರಾನಿಕ್ಸ್ ಪದಗಳಿಗೆ, ಎರಡು ಕಡೆಯವ್ರೂ ಅವರವರ ಪಾಡಿಗೆ ಹೆಸರಿಟ್ಕೊಂಡ್ರು. ಲೇಸರ್ ನೋಡಿ. ತೈವಾನಿನಲ್ಲಿ ಇಂಗ್ಲಿಷ್ ಉಚ್ಚಾರಣೆಯನ್ನೇ ಹಿಡಿದು 雷射 ಲೇಶ ಅಂದ್ರು, ಮೇನ್‌ಲ್ಯಾಂಡಿನಲ್ಲಿ 1964ರಲ್ಲಿ ವಿಜ್ಞಾನಿ ಚ್ಯೆನ್ ಶ್ವೇಸೆನ್ ಸೂಚಿಸಿದ 激光 ಜಿಗ್ವಾಂಗ್ ನಿಂತ್ಕೊಂಡ್ತು, ಅದರಲ್ಲಿ ಅರ್ಥ ಇದೆ, ಕೆರಳಿಸಿದ ಬೆಳಕು ಅನ್ನೋ ಥರ. ಸಿಲಿಕಾನಿಗೆ ತೈವಾನಲ್ಲಿ 矽 ಶಿ, ಮೇನ್‌ಲ್ಯಾಂಡಲ್ಲಿ 硅 ಗ್ವೇ. ಅಲ್ಲೂ ಮೊದಲು ಶಿ ಅಂತಾನೇ ಇತ್ತು, ಆದ್ರೆ ಸೆಲೆನಿಯಂ, ತವರ ಎಲ್ಲಾ ಬಾಯಲ್ಲಿ ಹೇಳಿದ್ರೆ ಶಿ ಅಂತಾನೇ ಕೇಳ್ಸೋದ್ರಿಂದ ಕ್ಲಾಸಲ್ಲಿ ಲ್ಯಾಬಲ್ಲಿ ಗೊಂದಲ ಅಂತ ಬಿಟ್ರು. ಸೆಮಿಕಂಡಕ್ಟರ್ ಪೇಪರ್ ಬಂದ್ರೆ ಈ ಒಂದು ಅಕ್ಷರ ದೊಡ್ಡ ಸುಳಿವು, ಲಿಪಿ ಯಾವುದೇ ಇರ್ಲಿ ಬರೆದವ್ರ ಊರಿನ ಕಡೆ ಬೆರಳು ತೋರಿಸತ್ತೆ.

ಆಫೀಸ್ ಪೇಪರ್ ಆದ್ರೆ ನಾನು ಹುಡುಕೋದು ಇವು. ಸಾಫ್ಟ್‌ವೇರಿಗೆ ಮೇನ್‌ಲ್ಯಾಂಡ್ 软件 ರ್ವಾನ್‌ಜ್ಯೆನ್, ತೈವಾನ್ 軟體 ರ್ವಾನ್‌ತಿ. ನೆಟ್‌ವರ್ಕಿಗೆ ಮೇನ್‌ಲ್ಯಾಂಡ್ 网络 ವಾಂಗ್‌ಲ್ವೊ, ತೈವಾನ್ 網路 ವಾಂಗ್‌ಲು. ಮಾಹಿತಿಗೆ ಮೇನ್‌ಲ್ಯಾಂಡ್ 信息 ಶಿನ್‌ಶಿ, ತೈವಾನ್ 資訊 ಜ಼ಶ್ಯುನ್. ವಿಡಿಯೋಗೆ ಮೇನ್‌ಲ್ಯಾಂಡ್ 视频 ಶಿಪಿನ್, ತೈವಾನ್ 影片 ಯಿಂಗ್‌ಪ್ಯೆನ್. ಮೌಸಿಗೆ ಮೇನ್‌ಲ್ಯಾಂಡ್ 鼠标 ಶುಬ್ಯಾವ್, ತೈವಾನ್ 滑鼠 ಹ್ವಾಶು. ಇವೆಲ್ಲಾ ಲಿಪಿ ಬದಲಾಯಿಸಿದ್ರೂ ಉಳ್ಕೊಳ್ಳೋ ಪದಗಳು, 软体 ಅಂತ ಸರಳೀಕೃತದಲ್ಲಿ ಕಂಡ್ರೆ ಒಳಗೆ ತೈವಾನ್ ಇದೆ ಅಂತ ಅನುಮಾನ ಪಡಿ.

ನನ್ನ ಆ ವಾಕ್ಯದಲ್ಲೂ ಸುಳಿವು ಇತ್ತು, ನಾನು ನೋಡ್ಲಿಲ್ಲ. ಸ್ಕ್ರೂಡ್ರೈವರಿಗೆ ಮೇನ್‌ಲ್ಯಾಂಡಿನಲ್ಲಿ ಸಾಮಾನ್ಯವಾಗಿ 螺丝刀 ಲ್ವೊಸ್‌ದಾವ್ ಅಂತಾರೆ, ಅಂದ್ರೆ ಸ್ಕ್ರೂ ಚಾಕು. ಇಲ್ಲಿದ್ದದ್ದು 螺丝起子 ಲ್ವೊಸ್‌ಚಿಜ಼, ಅದು ಹೆಚ್ಚಾಗಿ ತೈವಾನ್ ಮಾತು. ಜಿಗ್ಗಿಗೆ 治具 ಜ಼್ಹಿಜ್ಯು ಅಂತ ಬರೆದಿದ್ದು ಇನ್ನೊಂದು, ಮೇನ್‌ಲ್ಯಾಂಡ್ ಪುಸ್ತಕದಲ್ಲಿ 夹具 ಜ್ಯಾಜ್ಯು ಇರತ್ತೆ. 治具 ಜಪಾನಿಯಿಂದ ಬಂದ ಪದ.

ಆದ್ರೆ ಒಂದು ಎಚ್ಚರಿಕೆ, ಒಂದೇ ಪದ ನೋಡಿ ಷರಾ ಬರೀಬೇಡಿ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಡೊಂಗ್‌ಗ್ವಾನ್, ಶಾಂಘೈ ಪಕ್ಕದ ಕುನ್‌ಶಾನ್ ಇಲ್ಲೆಲ್ಲಾ ಎಷ್ಟೋ ವರ್ಷದಿಂದ ತೈವಾನ್ ಫ್ಯಾಕ್ಟರಿಗಳಿವೆ, ಅಲ್ಲಿ ಕೆಲಸ ಕಲಿತ ಮೇನ್‌ಲ್ಯಾಂಡ್ ಎಂಜಿನಿಯರೂ 治具 ಅಂತಾನೇ ಹೇಳ್ತಾರೆ, ಸ್ಕ್ರೂ ಟೈಟ್ ಮಾಡೋದಕ್ಕೆ 锁 ಸ್ವೊ ಅಂತಾನೇ ಹೇಳ್ತಾರೆ. ಹಾಗಾಗಿ ಬೇರೆ ಬೇರೆ ವಿಷಯದ ಮೂರು ನಾಲ್ಕು ಪದ ಒಂದೇ ಕಡೆ ಬೆರಳು ತೋರಿಸ್ಬೇಕು, ಒಂದು ಟೂಲಿನ ಹೆಸರು, ಒಂದು ಕಂಪ್ಯೂಟರ್ ಪದ, ಒಂದು ತಾರೀಕು ಬರೆಯೋ ರೀತಿ, ಹೀಗೆ. ಎರಡು ಕಡೆಯೂ ಮಿಕ್ಸ್ ಆಗಿದ್ರೆ ಇಬ್ಬರು ಬರೆದಿದ್ದಾರೆ ಅಂತ ಇಟ್ಕೊಂಡು ಪ್ಯಾರಾ ಪ್ಯಾರಾ ಬೇರೆ ಬೇರೆ ನೋಡಿ.

ಹೆಜ್ಜೆ 3: ಒಂದೇ ಪದ ಎರಡು ಅರ್ಥ, ಇಲ್ಲಿ ನಿಧಾನ ಮಾಡಿ

列 ಲ್ಯೆ ಇಂದ ಶುರು ಮಾಡ್ತೀನಿ. ಮೇನ್‌ಲ್ಯಾಂಡಲ್ಲಿ 行 ಹಾಂಗ್ ಅಂದ್ರೆ ಅಡ್ಡಸಾಲು, 列 ಅಂದ್ರೆ ಕಂಬಸಾಲು. ತೈವಾನಲ್ಲಿ ಉಲ್ಟಾ, 列 ಅಡ್ಡಸಾಲು, 行 ಕಂಬಸಾಲು. ಚೈನೀಸನ್ನ ಹಳೇ ಕಾಲದಲ್ಲಿ ಮೇಲಿಂದ ಕೆಳಕ್ಕೆ ಬರೀತಿದ್ರು, ಬರೆದ ಒಂದು ಸಾಲು ಅಂದ್ರೆ ನಿಂತ ಸಾಲು, ಅದೇ 行. ತೈವಾನಲ್ಲಿ ಆ ಅರ್ಥ ಉಳ್ಕೊಂಡಿದೆ, ಮೇನ್‌ಲ್ಯಾಂಡಲ್ಲಿ ಬರವಣಿಗೆ ಎಡದಿಂದ ಬಲಕ್ಕೆ ತಿರುಗಿದ ಮೇಲೆ 行 ಕೂಡ ಮಲ್ಕೊಂಡ್ತು. ಗಣಿತದ ಮ್ಯಾಟ್ರಿಕ್ಸಲ್ಲೂ ಇದೇ ಉಲ್ಟಾ.

ಎಕ್ಸೆಲಲ್ಲಿ ನೋಡಿದ್ರೆ ಇನ್ನೂ ಸ್ಪಷ್ಟ. ಮೇನ್‌ಲ್ಯಾಂಡ್ ಎಕ್ಸೆಲಲ್ಲಿ ರೋಗೆ 行, ಕಾಲಮಿಗೆ 列. ತೈವಾನ್ ಎಕ್ಸೆಲಲ್ಲಿ ರೋಗೆ 列, ಕಾಲಮಿಗೆ 欄 ಲಾನ್. ಅಂದ್ರೆ ಫೈಲಲ್ಲಿ ಎಲ್ಲಾದ್ರೂ 欄 ಅಥವಾ ಅದರ ಸರಳೀಕೃತ ರೂಪ 栏 ಕಾಲಮಿನ ಅರ್ಥದಲ್ಲಿ ಬಂದಿದ್ರೆ, ಅಲ್ಲಿರೋ 列 ಬಹುಮಟ್ಟಿಗೆ ಅಡ್ಡಸಾಲೇ. ಇದು ನಾನು ಈಗ ಬಳಸೋ ಒಳ್ಳೇ ಪರೀಕ್ಷೆ. 列 ಒಂದೇ ಇದ್ದು ಬೇರೆ ಸುಳಿವಿಲ್ಲ ಅಂದ್ರೆ ಶೀಟ್ ತೆಗೆದು ಎರಡೂ ಮಾಡಿ ನೋಡಿ, 3ನೇ ಅಡ್ಡಸಾಲು ತೆಗೆದ್ರೆ ಅರ್ಥ ಬರತ್ತಾ, 3ನೇ ಕಂಬಸಾಲು ತೆಗೆದ್ರೆ ಅರ್ಥ ಬರತ್ತಾ ಅಂತ. ಶೀಟೇ ಕಳಿಸಿಲ್ಲ ಅಂದ್ರೆ ಕೇಳಿ ತರಿಸ್ಕೊಳ್ಳಿ. ಇನ್ನೊಂದು, ತೈವಾನಲ್ಲೂ ಪ್ರೋಗ್ರಾಮ್ ಕೋಡಿನ ಲೈನ್ ನಂಬರ್ ಹೇಳೋವಾಗ 第10行 ಅಂತ ಬರೀತಾರೆ, ಅಲ್ಲಿ ಅದು 10ನೇ ಲೈನೇ, ಕಂಬಸಾಲು ಅಲ್ಲ. ಕನ್ನಡಕ್ಕೆ ಬರೆಯೋವಾಗ ಬರೀ "ಸಾಲು" ಅಂತ ಬಿಡ್ಬೇಡಿ, ನಮ್ಮಲ್ಲೂ ಅದು ಎರಡೂ ಕಡೆ ವಾಲತ್ತೆ. ಅಡ್ಡಸಾಲು ಅಂತ ಬರೀರಿ ಇಲ್ಲಾ ರೋ, ಕಾಲಮ್ ಅಂತಾನೇ ಬರೀರಿ, ಲೈನಲ್ಲಿರೋರಿಗೆ ಅದೇ ಬೇಗ ಅರ್ಥ ಆಗೋದು.

质量 ಜ಼್ಹಿಲ್ಯಾಂಗ್ ಇನ್ನೊಂದು. ಮೇನ್‌ಲ್ಯಾಂಡಲ್ಲಿ ಗುಣಮಟ್ಟಕ್ಕೂ ಇದೇ, ಫಿಸಿಕ್ಸಿನ ದ್ರವ್ಯರಾಶಿಗೂ ಇದೇ. ತೈವಾನಲ್ಲಿ ಗುಣಮಟ್ಟಕ್ಕೆ 品質 ಪಿನ್‌ಜ಼್ಹಿ, 質量 ಅಂದ್ರೆ ಮುಖ್ಯವಾಗಿ ದ್ರವ್ಯರಾಶಿ. ಹಾಗಾಗಿ ತೈವಾನ್ ಲ್ಯಾಬ್ ರಿಪೋರ್ಟಲ್ಲಿ 質量 ಕಂಡ್ರೆ "ಕ್ವಾಲಿಟಿ" ಅಂತ ಕೈ ಓಡಿಸ್ಬೇಡಿ, ಪಕ್ಕದಲ್ಲಿ ಗ್ರಾಂ ಇದೆಯಾ ನೋಡಿ.

ಕಂಪ್ಯೂಟರ್ ಫೈಲಿಗೆ ಮೇನ್‌ಲ್ಯಾಂಡಲ್ಲಿ 文件 ವೆನ್‌ಜ್ಯೆನ್, ತೈವಾನಲ್ಲಿ 檔案 ದಾಂಗ್‌ಆನ್. ಆದ್ರೆ ತೈವಾನಲ್ಲಿ 文件 ಅಂದ್ರೆ ಡಾಕ್ಯುಮೆಂಟ್, ಕಾಗದ ಪತ್ರ, ಮತ್ತೆ ಮೇನ್‌ಲ್ಯಾಂಡಲ್ಲಿ 档案 ಅಂದ್ರೆ ದಾಖಲೆ ಕಚೇರೀಲಿ ಇಡೋ ಕಡತ, ವ್ಯಕ್ತಿಯ ಸರ್ವಿಸ್ ರೆಕಾರ್ಡ್ ಥರದ್ದು. 檔案遺失 ಅಂತ ತೈವಾನಿನವ್ರು ಬರೆದ್ರೆ ಕಂಪ್ಯೂಟರಲ್ಲಿ ಒಂದು ಫೈಲ್ ಕಳೆದಿದೆ ಅಂತಿರ್ಬಹುದು, ಅದನ್ನ ಮೇನ್‌ಲ್ಯಾಂಡ್ ಅರ್ಥದಲ್ಲಿ ಕನ್ನಡಕ್ಕೆ ತಂದ್ರೆ ಯಾರದ್ದೋ ಸರ್ವಿಸ್ ಬುಕ್ ಕಳೆದ ಹಾಗಾಗತ್ತೆ, ಎಚ್‌ಆರ್ ಆಫೀಸಿಗೆ ಫೋನ್ ಹೋಗತ್ತೆ.

ಫ್ಯಾಕ್ಟರಿ ಬಿಟ್ಟು ದಿನಬಳಕೆಗೆ ಬಂದ್ರೆ 土豆 ತುದೋ ಎಲ್ಲರಿಗೂ ಗೊತ್ತಿರೋ ಉದಾಹರಣೆ. ಮೇನ್‌ಲ್ಯಾಂಡಲ್ಲಿ ಆಲೂಗಡ್ಡೆ, ತೈವಾನಲ್ಲಿ ಕಡಲೆಕಾಯಿ. ಅಕ್ಷರಕ್ಕೆ ಅಕ್ಷರ ನೋಡಿದ್ರೆ ಮಣ್ಣಿನ ಕಾಳು, ಎರಡೂ ಮಣ್ಣಲ್ಲೇ ಬಿಡೋದು ತಾನೆ. ತೈವಾನಲ್ಲಿ ಮ್ಯಾಂಡರಿನ್ ಜೊತೆಗೆ ಹೊಕ್ಯೆನ್ ಮಾತಾಡೋರು ಬಹಳ, ಆ ಭಾಷೇಲಿ ಕಡಲೆಕಾಯಿಗೆ ಈ ಹೆಸರು, ಅಲ್ಲಿಂದ ಬಂದಿದ್ದು. ಮ್ಯಾಂಡರಿನ್ನಲ್ಲಿ ಬರೆಯೋವಾಗ ಅವ್ರೂ 花生 ಹ್ವಾಶೆಂಗ್ ಅಂತಾರೆ, ಆಲೂಗಡ್ಡೆಗೆ 馬鈴薯 ಮಾಲಿಂಗ್‌ಶು ಅಂತಾರೆ. ಅಡುಗೆ ರೆಸಿಪಿ ಅನುವಾದ ಮಾಡೋರು ಇದನ್ನ ತಮಾಷೆ ಅಂತ ಬಿಡಬಾರ್ದು, ಕಡಲೆಕಾಯಿ ಅಲರ್ಜಿ ಇರೋರಿಗೆ ಪ್ಯಾಕೆಟ್ ಮೇಲಿನ ಸಾಮಾನುಪಟ್ಟಿ ಅದು.

公車 ಗೊಂಗ್‌ಚ ತೈವಾನಲ್ಲಿ ಸಿಟಿ ಬಸ್ಸು, ಮೇನ್‌ಲ್ಯಾಂಡಲ್ಲಿ ಸಾಮಾನ್ಯವಾಗಿ ಸರ್ಕಾರಿ ಕಾರು, ಅಧಿಕಾರಿಗಳು ಓಡಾಡೋದು. ಬಸ್ಸಿಗೆ ಅಲ್ಲಿ 公交车 ಗೊಂಗ್‌ಜ್ಯಾವ್‌ಚ. 機車 ಜಿಚ ತೈವಾನಲ್ಲಿ ಸ್ಕೂಟರ್ ಬೈಕು, ಮೇನ್‌ಲ್ಯಾಂಡಲ್ಲಿ ರೈಲು ಎಂಜಿನ್. ಮೇಲಿಂದ ತೈವಾನ್ ಹುಡುಗರ ಮಾತಲ್ಲಿ ಒಬ್ಬ ಮನುಷ್ಯನನ್ನ ಜಿಚ ಅಂದ್ರೆ ತಲೆ ತಿನ್ನೋನು ಅಂತ, ಸಬ್‌ಟೈಟಲ್ ಮಾಡೋರಿಗೆ ಬೇಕಾಗತ್ತೆ. 酒店 ಜ್ಯೂದ್ಯೆನ್ ಮೇನ್‌ಲ್ಯಾಂಡಲ್ಲಿ ಮರ್ಯಾದಸ್ತ ಹೋಟೆಲ್, ರೂಮ್ ಕೊಡೋದು. ತೈವಾನಲ್ಲಿ ಮಾತಲ್ಲಿ 酒店ಗೆ ಹೋದ ಅಂದ್ರೆ ಹೆಣ್ಮಕ್ಕಳು ಜೊತೆ ಕೂತು ಕುಡಿಸೋ ಬಾರಿಗೆ ಹೋದ ಅಂತ, ರೂಮ್ ಕೊಡೋ ಹೋಟೆಲ್ 飯店 ಫಾನ್‌ದ್ಯೆನ್. ಆದ್ರೆ ತೈಪೆಯ ದೊಡ್ಡ ಹೋಟೆಲ್‌ಗಳ ಬೋರ್ಡ್ ಮೇಲೂ ಕೆಲವು ಕಡೆ 酒店 ಅಂತಾನೇ ಇರತ್ತೆ, ಹೆಸರಿನ ಭಾಗ ಆದಾಗ ಕೆಟ್ಟ ಅರ್ಥ ಇಲ್ಲ, ಬರೀ ಪದವಾಗಿ ಬಂದಾಗ ನೋಡ್ಕೋಬೇಕು.

窩心 ವೊಶಿನ್ ನನಗೆ ಬಹಳ ಇಷ್ಟವಾದ ಜೋಡಿ ಅರ್ಥ. ಮೇನ್‌ಲ್ಯಾಂಡಿನ ಉತ್ತರದ ಕಡೆ ಅಂದ್ರೆ ಮನಸ್ಸಲ್ಲೇ ನುಂಗ್ಕೊಂಡ ಸಂಕಟ, ಹೇಳ್ಕೊಳ್ಳೋಕಾಗದ ಬೇಸರ. ತೈವಾನಲ್ಲಿ ಅಂದ್ರೆ ಮನಸ್ಸಿಗೆ ಹಿತವಾಗೋದು, ಯಾರೋ ನಮ್ಮನ್ನ ಅಕ್ಕರೆಯಿಂದ ನೋಡ್ಕೊಂಡಾಗ ಆಗೋ ಬೆಚ್ಚನೆ ಭಾವ. ಒಂದು ಥ್ಯಾಂಕ್ಸ್ ಲೆಟರಲ್ಲಿ 很窩心 ಅಂತ ಇದ್ರೆ ಪೂರ್ತಿ ಪತ್ರದ ದನಿ ಇದೊಂದ್ರ ಮೇಲೆ ನಿಂತಿರತ್ತೆ.

ಸಂಬಂಧದ ಪದಗಳಲ್ಲಿ 愛人 ಐರೆನ್. ಮೇನ್‌ಲ್ಯಾಂಡಿನ ಹಿರಿಯರು 我爱人 ಅಂದ್ರೆ ಗಂಡ ಅಥವಾ ಹೆಂಡತಿ, ನಮ್ಮಲ್ಲಿ "ನಮ್ಮ ಮನೆಯವ್ರು" ಅಂತೀವಲ್ಲ ಹಾಗೆ, ಗಂಡಸೋ ಹೆಂಗಸೋ ಅಂತಾನೂ ಪದದಲ್ಲಿ ಇಲ್ಲ, ಸಂದರ್ಭದಿಂದ್ಲೇ ತಿಳೀಬೇಕು. ತೈವಾನಲ್ಲಿ ಅದೇ ಪದ ಪ್ರೇಮಿ, ಕೆಲವೊಮ್ಮೆ ಮದುವೆ ಆಚೆಯ ಪ್ರೇಮಿ. 小姐 ಶ್ಯಾವ್‌ಜ್ಯೆ ತೈವಾನಲ್ಲಿ ಅಂಗಡಿ ಹುಡುಗಿಯಿಂದ ಆಫೀಸ್ ಮೇಡಂವರೆಗೆ ಯಾರಿಗಾದ್ರೂ ಮರ್ಯಾದೆಯಿಂದ ಹೇಳೋದು, ಮೇನ್‌ಲ್ಯಾಂಡಲ್ಲಿ ಮನೆತನದ ಹೆಸರು ಸೇರಿಸ್ದೆ ಬರೀ 小姐 ಅಂತ ಕರೆದ್ರೆ ಕೆಲವು ಕಡೆ ವೇಶ್ಯೆ ಅನ್ನೋ ಅರ್ಥ ಬರತ್ತೆ, ಅದಕ್ಕೆ ಅಲ್ಲಿಗೆ ಬರೆಯೋವಾಗ 女士 ನ್ಯೂಶಿ ಅಂತ ಹಾಕೋದು ಸುರಕ್ಷಿತ.

ಹೆಜ್ಜೆ 4: ಅಂಕಿ, ಅಳತೆ, ತಾರೀಕು ಬೇರೆಯಾಗಿ ಒಂದು ಸುತ್ತು ನೋಡಿ

ಅಂಕಿ ಅಂದ್ರೆ ಅಂಕಿ, ಅದರಲ್ಲೇನು ಅನುವಾದ ಅಂತ ಎಲ್ಲರೂ ದಾಟ್ಕೊಂಡು ಹೋಗ್ತಾರೆ. ನಾನು ಪೂರ್ತಿ ಅನುವಾದ ಮುಗಿದ್ಮೇಲೆ ಬರೀ ಅಂಕಿಗಳಿಗೋಸ್ಕರ ಇನ್ನೊಂದು ಸಲ ಓದ್ತೀನಿ.

ವರ್ಷ ಮೊದಲು. ತೈವಾನ್ ಸರ್ಕಾರಿ ಪತ್ರ, ಬಿಲ್ಲು, ಎಷ್ಟೋ ಕಂಪನಿ ಪೇಪರ್‌ಗಳು 1912 ಅನ್ನ 1 ಅಂತ ಎಣಿಸೋ ಗಣರಾಜ್ಯದ ವರ್ಷ ಬಳಸ್ತವೆ. ಅದಕ್ಕೆ 1911 ಕೂಡಿಸಿದ್ರೆ ನಮ್ಮ ವರ್ಷ. 113 ಅಂದ್ರೆ 2024. ಮೂರಂಕಿ ವರ್ಷ ಕಂಡ್ರೆ ತೈವಾನ್ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ, ನಾನು ಟೈಪಿಂಗ್ ತಪ್ಪು ಅಂತ ಬಿಟ್ಟಿದ್ದೇ ಇದನ್ನ. ಹಳೇ ಪೇಪರಲ್ಲಿ 98.3.5 ಅಂತ ಇದ್ರೆ 1998 ಅಲ್ಲ, 2009 ಇರ್ಬಹುದು, ಇದು ಇನ್ನೂ ಅಪಾಯ ಯಾಕಂದ್ರೆ ತಪ್ಪು ಅಂತ ಕಣ್ಣಿಗೆ ಹೊಡೆಯಲ್ಲ.

ಆಮೇಲೆ 條 ತ್ಯಾವ್. ತೈವಾನಿನ ಮಷೀನ್ ಶಾಪಲ್ಲಿ 1條 ಅಂದ್ರೆ 0.01 ಮಿಲಿಮೀಟರ್. ಮೇನ್‌ಲ್ಯಾಂಡಿನ ಶಾಪಲ್ಲಿ ಅದೇ ಅಳತೆಗೆ ಸಾಮಾನ್ಯವಾಗಿ 丝 ಸ಼ ಅಂತಾರೆ, ಅಂದ್ರೆ ರೇಷ್ಮೆ ಎಳೆ. ಎರಡೂ ಡಿಕ್ಷನರೀಲಿ ಹುಡುಕಿದ್ರೆ "ಪಟ್ಟಿ", "ಎಳೆ", "ನಿಯಮ" ಅಂತ ಏನೇನೋ ಬರತ್ತೆ, ಅಳತೆ ಅಂತ ಬೇಗ ಸಿಗಲ್ಲ. ಕನ್ನಡದಲ್ಲಿ ನೇರವಾಗಿ ಮಿ.ಮೀ. ಮಾಡಿ ಬರೀರಿ, 5條 ಅಂದ್ರೆ 0.05 ಮಿ.ಮೀ.

兆 ಜ಼್ಹಾವ್ ದೊಡ್ಡ ದುಡ್ಡಿನ ಗುಂಡಿ. ತೈವಾನಲ್ಲಿ ಒಂದು 兆 ಅಂದ್ರೆ 1ರ ಮುಂದೆ ಹನ್ನೆರಡು ಸೊನ್ನೆ, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಮೇನ್‌ಲ್ಯಾಂಡಲ್ಲಿ ದಿನಬಳಕೆಯಲ್ಲಿ ಅದೇ ಅಕ್ಷರ ಮೆಗಾ, ಅಂದ್ರೆ ಹತ್ತು ಲಕ್ಷ, 100兆 ಅಂದ್ರೆ 100 ಎಂಬಿಪಿಎಸ್ ಇಂಟರ್ನೆಟ್ ಲೈನು. ಅಲ್ಲಿ ಲಕ್ಷ ಕೋಟಿಗೆ 万亿 ವಾನ್‌ಯಿ ಅಂತಾರೆ. ದುಡ್ಡಿನ ಜೊತೆ 兆 ಬಂದ್ರೆ ಲಕ್ಷ ಕೋಟಿ, ಡೇಟಾ ಅಥವಾ ಹರ್ಟ್ಜ್ ಜೊತೆ ಬಂದ್ರೆ ಮೆಗಾ ಅಂತ ಇಟ್ಕೊಂಡ್ರೆ ಹೆಚ್ಚಿನ ಕಡೆ ಬಚಾವು. ಅಂದಹಾಗೆ ನಾವು ಇಂಗ್ಲಿಷ್ ಮೂಲಕ ಹೋಗ್ದೆ ನೇರ ಕನ್ನಡಕ್ಕೆ ಬರೋದು ಸುಲಭ, 億 ಯಿ ಅಂದ್ರೆ ಹತ್ತು ಕೋಟಿ ಅಷ್ಟೇ.

ತೂಕದಲ್ಲಿ 斤 ಜಿನ್ ಮೇನ್‌ಲ್ಯಾಂಡಲ್ಲಿ 500 ಗ್ರಾಂ, ತೈವಾನಲ್ಲಿ 600 ಗ್ರಾಂ. 兩 ಲ್ಯಾಂಗ್ ಅಲ್ಲಿ 50 ಗ್ರಾಂ, ತೈವಾನಲ್ಲಿ 37.5 ಗ್ರಾಂ. ತೈವಾನ್ ಟೀ ಪ್ಯಾಕೆಟ್ 150 ಗ್ರಾಂ ಅಂತ ವಿಚಿತ್ರ ತೂಕದಲ್ಲಿ ಬರೋದು ಅದಕ್ಕೇ, ಅದು ನಾಲ್ಕು 兩. ಕೆಜಿ ಮಾತ್ರ ಎರಡೂ ಕಡೆ 公斤, ಒಂದೇ. ಮನೆ ಬಾಡಿಗೆ, ಗೋಡೌನ್ ಕರಾರು ಆದ್ರೆ ತೈವಾನಿನ 坪 ಪಿಂಗ್ ನೋಡ್ಕೊಳ್ಳಿ, ಒಂದು 坪 ಸುಮಾರು 3.3 ಚದರ ಮೀಟರ್, ಮೇನ್‌ಲ್ಯಾಂಡಿನವ್ರು ಚದರ ಮೀಟರನ್ನ ಚಿಕ್ಕದಾಗಿ 平 ಪಿಂಗ್ ಅಂತಾರೆ. ಫೋನಲ್ಲಿ ಕೇಳಿ ಬರ್ಕೊಳ್ಳೋವಾಗ ಎರಡೂ ಒಂದೇ ಥರ ಕೇಳತ್ತೆ, ಮೂವತ್ತು ಪಿಂಗ್ ಅಂದ್ರೆ 30 ಚದರ ಮೀಟರಾ ಸುಮಾರು 99 ಚದರ ಮೀಟರಾ ಅನ್ನೋದು ಮೂರು ಪಟ್ಟು ವ್ಯತ್ಯಾಸ.

ಹೆಜ್ಜೆ 5: ಚೈನೀಸಿಗೆ ಅನುವಾದ ಮಾಡ್ತಿದ್ರೆ

ಉಲ್ಟಾ ದಿಕ್ಕಲ್ಲಿ ಕೆಲಸ ಬಂದಾಗ ಒಂದು ಕಡೆಗೆ ಮಾಡಿ ಇನ್ನೊಂದಕ್ಕೆ ಕನ್ವರ್ಟ್ ಮಾಡ್ಬಿಡಿ ಅಂತ ಕ್ಲೈಂಟ್ ಹೇಳ್ತಾರೆ. OpenCC ಅನ್ನೋ ಉಚಿತ ಟೂಲ್ ಇದೆ, ಒಳ್ಳೇದೇ, ಆದ್ರೆ ಯಾವ ಸೆಟ್ಟಿಂಗ್ ಅನ್ನೋದು ಮುಖ್ಯ. s2t ಅಂದ್ರೆ ಬರೀ ಅಕ್ಷರ ಬದಲಾಗತ್ತೆ, 鼠标坏了 ಹಾಕಿದ್ರೆ 鼠標壞了 ಬರತ್ತೆ, ಲಿಪಿ ತೈವಾನಿಂದು ಪದ ಮೇನ್‌ಲ್ಯಾಂಡಿಂದು. s2twp ಅಂದ್ರೆ ಪದವನ್ನೂ ಬದಲಾಯ್ಸತ್ತೆ, 滑鼠壞了 ಬರತ್ತೆ.

```
opencc -i in.txt -o out.txt -c s2twp.json
```

ಇದರ ಮಿತಿ ಏನಂದ್ರೆ ಅದು ಪಟ್ಟಿ ನೋಡಿ ಬದಲಾಯ್ಸೋದು, ಅರ್ಥ ನೋಡಿ ಅಲ್ಲ. 文件 ಕಂಡಾಗ ಅದು ಕಂಪ್ಯೂಟರ್ ಫೈಲಾ ಕೈಯಲ್ಲಿ ಹಿಡಿಯೋ ಕಾಗದಾನಾ ಅಂತ ಅದಕ್ಕೆ ಗೊತ್ತಾಗಲ್ಲ, 列 ಅಡ್ಡನಾ ಉದ್ದನಾ ಅಂತಾನೂ ಗೊತ್ತಾಗಲ್ಲ. ಹಾಗಾಗಿ ಕನ್ವರ್ಟ್ ಆದ್ಮೇಲೆ ಹೆಜ್ಜೆ 3 ಮತ್ತು 4ರ ಪದಗಳನ್ನ ಒಂದೊಂದಾಗಿ ಸರ್ಚ್ ಮಾಡಿ ಕೈಯಿಂದ್ಲೇ ನೋಡ್ಬೇಕು. ಉದ್ಧರಣ ಚಿಹ್ನೆಯೂ ಬೇರೆ, ತೈವಾನಲ್ಲಿ 「」, ಮೇನ್‌ಲ್ಯಾಂಡಲ್ಲಿ “ ”.

ತೈವಾನ್ ಓದುಗರು ಈ ವಿಷಯದಲ್ಲಿ ಈಗ ಬಹಳ ಸೂಕ್ಷ್ಮ. ವಿಡಿಯೋಗೆ 視頻, ಗುಣಮಟ್ಟಕ್ಕೆ 質量 ಅಂತ ಬರೆದ ಜಾಹೀರಾತು ಕಂಡ್ರೆ ಇದು ಮೇನ್‌ಲ್ಯಾಂಡ್ ಮಾತು ಅಂತ ನೇರವಾಗಿ ಕಾಮೆಂಟಲ್ಲಿ ಹೇಳ್ತಾರೆ, ಕಂಪನಿ ಮೇಲಿನ ನಂಬಿಕೇನೂ ಹೋಗತ್ತೆ. ಅರ್ಥ ಆಗತ್ತಲ್ಲ ಬಿಡಿ ಅಂತ ಹೇಳೋಕಾಗಲ್ಲ. ಹೆಸರುಗಳೂ ಹಾಗೇ, ಟ್ರಂಪ್ ಮೇನ್‌ಲ್ಯಾಂಡಲ್ಲಿ 特朗普 ತಲಾಂಗ್‌ಪು, ತೈವಾನಲ್ಲಿ 川普 ಚ್ವಾನ್‌ಪು. ಸಿಡ್ನಿ ಅಲ್ಲಿ 悉尼, ತೈವಾನಲ್ಲಿ 雪梨. ಫಾಕ್ಸ್‌ಕಾನನ್ನ ಮೇನ್‌ಲ್ಯಾಂಡಿನವ್ರು 富士康 ಫುಶಿಕಾಂಗ್ ಅಂತಾರೆ, ತೈವಾನ್ ಪೇಪರಲ್ಲಿ ಬಹಳ ಸಲ ಮಾತೃಸಂಸ್ಥೆಯ ಹೆಸರಾದ 鴻海 ಹೊಂಗ್‌ಹೈ ಅಂತಿರತ್ತೆ, ಎರಡು ಬೇರೆ ಕಂಪನಿ ಅಂತ ಅನುವಾದ ಮಾಡಿಬಿಟ್ಟವ್ರನ್ನ ನೋಡಿದ್ದೀನಿ.

ಪದ ಖಾತ್ರಿ ಮಾಡ್ಕೊಳ್ಳೋಕೆ ತೈವಾನ್ ಕಡೆಗೆ ಎರಡು ಸೈಟ್ ಸಾಕು. ಸಾಮಾನ್ಯ ಪದಕ್ಕೆ ಅಲ್ಲಿನ ಶಿಕ್ಷಣ ಸಚಿವಾಲಯದ dict.revised.moe.edu.tw, ತಾಂತ್ರಿಕ ಪದಕ್ಕೆ terms.naer.edu.tw. ಶಾಪ್ ಫ್ಲೋರ್ ಮಾತು, 條 ಥರದ್ದು, ಇವಕ್ಕೆ ಆ ಕೆಲಸ ಮಾಡೋರನ್ನೇ ಕೇಳ್ಬೇಕು.

ಆ ವಾಕ್ಯ ಮತ್ತೆ

ಈಗ ಅದೇ ವಾಕ್ಯಕ್ಕೆ ವಾಪಸ್ ಹೋಗೋಣ. ಸರಳೀಕೃತ ಲಿಪಿ, ಆದ್ರೆ 113年 ತೈವಾನ್, 螺丝起子 ತೈವಾನ್, 治具 ತೈವಾನ್ ಕಡೆ ವಾಲೋದು, 锁 ಅದೂ ಹಾಗೇ, 5条 ತೈವಾನ್ ಶಾಪಿನ ಅಳತೆಗೆ ಕೂರತ್ತೆ. ಇಷ್ಟೆಲ್ಲಾ ಒಂದೇ ಕಡೆ ಹೋದ್ಮೇಲೆ 列 ಅಡ್ಡಸಾಲು. ಶೀಟ್ ತೆಗೆದು ನೋಡಿದ್ರೆ 3ನೇ ಅಡ್ಡಸಾಲಲ್ಲಿದ್ದದ್ದು ಆ ಮಾಡೆಲಲ್ಲಿ ನಿಲ್ಲಿಸಿದ್ದ ಒಂದು ಪಾರ್ಟಿನ ಅಳತೆ, ತೆಗೆಯೋಕೆ ಕಾರಣಾನೂ ಇತ್ತು. ಕನ್ನಡದಲ್ಲಿ ಹೀಗೆ ಬರೆದೆ:

"2024ರ ಮೇ 20ರ ಒಳಗೆ ಚೆಕ್ ಶೀಟಿನ 3ನೇ ರೋ (ಅಡ್ಡಸಾಲು) ಡಿಲೀಟ್ ಮಾಡಿ. ಗ್ಯಾಪನ್ನು 0.05 ಮಿ.ಮೀ.ಗೆ ಸೆಟ್ ಮಾಡಿ. ಸ್ಕ್ರೂಡ್ರೈವರ್‌ನಿಂದ ಜಿಗ್ ಟೈಟ್ ಮಾಡಿ."

ಕಳಿಸೋವಾಗ ಜೊತೆಗೆ ಮೂರು ಸಾಲಿನ ಟಿಪ್ಪಣಿ ಹಾಕ್ತೀನಿ ಈಗ, ಯಾವ ಪದವನ್ನ ತೈವಾನ್ ಅರ್ಥದಲ್ಲಿ ತಗೊಂಡೆ, ಯಾಕೆ, ಮತ್ತೆ ಯಾವುದನ್ನ ಮೂಲ ಬರೆದವ್ರು ಹೂಂ ಅಂದ್ಮೇಲೆ ಮಾತ್ರ ಲೈನಿಗೆ ಬಿಡ್ಬೇಕು ಅಂತ. ಅಳತೆ ಮತ್ತು ಡಿಲೀಟ್ ಇವೆರಡು ಇರೋ ಸಾಲುಗಳಿಗೆ ಆ ಹೂಂ ಬರೋವರೆಗೂ ಪ್ರಿಂಟ್ ತೆಗೆಯೋಕೆ ನಾನು ಒಪ್ಪಲ್ಲ.